ಆಸ್ಪತ್ರೆ ಸೇರಿದ್ದರಿಂದ ಟಿಕೆಟ್ ಕ್ಯಾನ್ಸಲ್ ಮಾಡಿದೆ, ಏರ್‌ಲೈನ್‌ಗೆ ಬರೆದ ಮೇಲ್‌ನಲ್ಲಿ ಏನು ತಪ್ಪಾಯ್ತು?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ ಕಡೆಯ ನಮ್ಮವರಲ್ಲಿ ಯಾರಾದರೂ ಇದನ್ನು ದಾಟಿ ಬಂದಿದ್ದರೆ ದಯವಿಟ್ಟು ಹೇಳಿ.

ಉಡುಪಿಯಲ್ಲಿ ತಂಗಿಯ ಸೀಮಂತ ಇತ್ತು. ನಾನು, ನನ್ನ ಹೆಂಡತಿ, ಅಮ್ಮ, ಮೂರು ಜನಕ್ಕೆ ಮುಂಬೈಯಿಂದ ಮಂಗಳೂರಿಗೆ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದ್ದೆ. ಕಡಿಮೆ ದರ ಅಂತ ನಾನ್‌ರಿಫಂಡಬಲ್ ತಗೊಂಡೆ. ಹೊರಡುವ ಹಿಂದಿನ ರಾತ್ರಿ ಹೆಂಡತಿಗೆ ಹೊಟ್ಟೆನೋವು ಶುರುವಾಯ್ತು. ಮೊದಲು ಗ್ಯಾಸ್ ಅಂದುಕೊಂಡೆವು. ಹತ್ತು ಗಂಟೆ ಹೊತ್ತಿಗೆ ನೆಟ್ಟಗೆ ನಿಲ್ಲೋಕೂ ಆಗಲಿಲ್ಲ. ರಿಕ್ಷಾದಲ್ಲಿ ಕರ್ಕೊಂಡು ಹೋದೆ. ಅಪೆಂಡಿಕ್ಸ್ ಅಂದರು. ರಾತ್ರಿ 11.50ಕ್ಕೆ ಅಡ್ಮಿಟ್ ಮಾಡಿದರು, ಬೆಳಗ್ಗೆ ಆಪರೇಷನ್. ವಿಮಾನ ಇದ್ದದ್ದು ಬೆಳಗ್ಗೆ 10.15ಕ್ಕೆ.

ಟಿಕೆಟ್ ನೆನಪಾದದ್ದು ಬೆಳಗಿನ ಜಾವ. ಆಪರೇಷನ್ ಥಿಯೇಟರ್ ಹೊರಗೆ ಕೂತು 5.40ಕ್ಕೆ ಬುಕಿಂಗ್ ಆಪ್‌ನಲ್ಲಿ ಕ್ಯಾನ್ಸಲ್ ಒತ್ತಿದೆ. ಕೊಟ್ಟದ್ದು ಒಟ್ಟು 13,950 ರೂಪಾಯಿ. ಆಪ್ ತೋರಿಸಿದ ರಿಫಂಡ್ ಸೊನ್ನೆ.

ಹೆಂಡತಿ ಮೂರನೇ ದಿನ ಮನೆಗೆ ಬಂದಳು, ಈಗ ಚೆನ್ನಾಗಿದ್ದಾಳೆ. ಆಮೇಲೆ ಏರ್‌ಲೈನ್‌ಗೆ ಉದ್ದದ ಮೇಲ್ ಬರೆದೆ. ಆ ರಾತ್ರಿ ನಡೆದದ್ದೆಲ್ಲ ಬರೆದು, ಮಾನವೀಯತೆಯಿಂದ ಪೂರ್ತಿ ಹಣ ವಾಪಸ್ ಕೊಡಿ ಅಂತ ಕೇಳಿಕೊಂಡೆ. ರಿಪೋರ್ಟು, ಸ್ಕ್ಯಾನು, ಮೆಡಿಕಲ್ ಶಾಪ್ ಬಿಲ್ಲು ಎಲ್ಲ ಸೇರಿ 14 ಫೋಟೋ ಹಾಕಿದೆ. ಆರನೇ ದಿನ ಎರಡು ಸಾಲಿನ ಉತ್ತರ ಬಂತು. ಟಿಕೆಟ್ ನಾನ್‌ರಿಫಂಡಬಲ್ ದರದ್ದು, ದಾಖಲೆಯಲ್ಲಿರುವ ಹೆಸರು ಬುಕಿಂಗ್ ಹೆಸರಿಗೆ ಹೊಂದುತ್ತಿಲ್ಲ, ಆದ್ದರಿಂದ ಕೇಸ್ ಮುಚ್ಚಲಾಗಿದೆ. ಅಷ್ಟೇ.

ಇಲ್ಲಿಗೆ ಮುಗೀತಾ? ಮತ್ತೆ ಬರೆಯಬಹುದಾ?

---

ಪಿಂಪ್ರಿ ಪೋರ

ಬಿಡಬೇಡಿ ಸರ್. ಮೆಡಿಕಲ್ ಎಮರ್ಜೆನ್ಸಿ ಇದ್ದರೆ ಪೂರ್ತಿ ರಿಫಂಡ್ ಕೊಡಲೇಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎಯ ರೂಲ್ ಇದೆ. ನಾನ್‌ರಿಫಂಡಬಲ್ ಅಂತ ಅವರು ಹಾಕ್ಕೊಂಡರೆ ಅದಕ್ಕೆ ಬೆಲೆ ಇಲ್ಲ. ನಾಳೆಯೇ ಬರೀರಿ, 48 ಗಂಟೆಯಲ್ಲಿ 13,950 ಬರದಿದ್ದರೆ ಗ್ರಾಹಕ ಕೋರ್ಟ್ ಅಂತ.

---

ವಾಸ್ಕೋ ವಾಸಿ

ನನಗೂ ಹೀಗೇ ಆಗಿತ್ತು. ಜುಲೈ ಮಳೆಯಲ್ಲಿ ದಾಬೋಳಿಯಿಂದ ಬೆಂಗಳೂರಿಗೆ ಹೊರಟಿದ್ದೆ, ವಿಮಾನವೇ ರದ್ದಾಯ್ತು. ನಾನೇನೂ ಬರೆಯಲೇ ಇಲ್ಲ. ಲಿಂಕ್ ಬಂತು, ಒತ್ತಿದೆ, ಪೂರ್ತಿ ಹಣ ಬಂತು. ನೀವೂ ಮೆಸೇಜ್‌ನಲ್ಲಿ ಲಿಂಕ್ ಬಂದಿದೆಯಾ ನೋಡಿ.

---

ಹಳೇ ಟಿಕೆಟಿಂಗ್

ನಾನು ಫೋರ್ಟ್‌ನಲ್ಲಿ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ 19 ವರ್ಷ ಟಿಕೆಟಿಂಗ್ ನೋಡ್ಕೊಂಡವಳು. ರಿಫಂಡ್ ಫೈಲುಗಳೇ ನನ್ನ ದಿನದ ಕೆಲಸವಾಗಿತ್ತು. ಸ್ವಲ್ಪ ವಿವರವಾಗಿ ಹೇಳ್ತೀನಿ.

ವಾಸ್ಕೋದವರೇ, ನಿಮ್ಮದು ಬೇರೆ ಕಥೆ. ವಿಮಾನ ರದ್ದು ಮಾಡಿದ್ದು ಏರ್‌ಲೈನ್. ಆಗ ಟಿಕೆಟ್ ಯಾವ ದರದ್ದಾದರೂ ಹಣ ವಾಪಸ್ ಕೊಡಬೇಕು. ಇಲ್ಲಿ ವಿಮಾನ ಹಾರಿದೆ, ಪ್ರಯಾಣಿಕರು ಹೋಗಲಿಲ್ಲ. ಹಾಗಾಗಿ ಲಿಂಕ್ ಬರೋದಿಲ್ಲ.

ಪಿಂಪ್ರಿಯವರು ಹೇಳಿದ್ದರಲ್ಲಿ ಅರ್ಧ ನಿಜ. 2025ರ ನವೆಂಬರ್‌ನಲ್ಲಿ ಡಿಜಿಸಿಎ ರಿಫಂಡ್ ನಿಯಮದ ತಿದ್ದುಪಡಿಗೆ ಕರಡು ಹೊರಡಿಸಿತು. ಅದರಲ್ಲಿ ಮೆಡಿಕಲ್ ಎಮರ್ಜೆನ್ಸಿಯ ಮಾತು ಬಂದಿದೆ. ಆದರೆ ಅಲ್ಲಿರುವುದು ಏರ್‌ಲೈನ್ ರಿಫಂಡ್ ಅಥವಾ ಕ್ರೆಡಿಟ್ ಶೆಲ್, ಅಂದರೆ ಅದೇ ಏರ್‌ಲೈನ್‌ನ ಮುಂದಿನ ಟಿಕೆಟ್‌ಗೆ ಬಳಸುವ ಜಮೆ, ಕೊಡಬಹುದು ಅಂತ. ಕೊಡಲೇಬೇಕು ಅಂತಲ್ಲ. ಆ ಒಂದು ಪದದ ಮೇಲೆ ಎಲ್ಲ ನಿಂತಿದೆ. ನಿಯಮ ಉದಾಹರಿಸುವುದಾದರೆ ಡಿಜಿಸಿಎ ಸೈಟ್‌ನಲ್ಲಿ ನಿಮ್ಮ ಟಿಕೆಟ್ ತಾರೀಖಿಗೆ ಜಾರಿಯಲ್ಲಿದ್ದ ಪ್ರತಿಯನ್ನೇ ಓದಿ ಉದಾಹರಿಸಿ. ಇಲ್ಲದ್ದನ್ನು ಇದೆ ಅಂತ ಬರೆದರೆ ಅವರು ಆ ಒಂದು ಸಾಲಿಗೆ ಮಾತ್ರ ಉತ್ತರ ಕೊಟ್ಟು ಫೈಲ್ ಮುಚ್ತಾರೆ.

ಈಗ ಡೊಂಬಿವಲಿಯವರ ಮೇಲ್. ಅದರ ದೊಡ್ಡ ತಪ್ಪು ಉದ್ದ ಆದದ್ದಲ್ಲ. ನಿಮಗೆ ಹಕ್ಕಾಗಿ ಬರಬೇಕಾದ ಹಣವನ್ನೂ ಅವರು ಮನಸ್ಸು ಮಾಡಿದರೆ ಮಾತ್ರ ಬರುವ ಹಣವನ್ನೂ ಒಂದೇ ಬುಟ್ಟಿಗೆ ಹಾಕಿ, ಪೂರ್ತಿ ಕೊಡಿ ಅಂತ ಕೇಳಿದ್ದೀರಿ. ಅವರಿಗೆ ಅದು ಸುಲಭ. ನಾನ್‌ರಿಫಂಡಬಲ್ ಅಂತ ಒಂದು ಮಾತು ಹೇಳಿದರೆ ಎರಡೂ ಹೋಗುತ್ತೆ. ಹಕ್ಕಿನದು ಯಾಕೆ ಕೊಟ್ಟಿಲ್ಲ ಅಂತ ನೀವು ಕೇಳೇ ಇಲ್ವಲ್ಲ.

ನಾನ್‌ರಿಫಂಡಬಲ್ ಅನ್ನೋದು ಬೇಸ್ ಫೇರ್‌ಗೆ, ಜೊತೆಗಿರುವ ಫ್ಯುಯೆಲ್ ಚಾರ್ಜ್‌ಗೆ. ಕ್ಯಾನ್ಸಲೇಷನ್ ಚಾರ್ಜ್ ಅಂತ ಅವರು ಹಿಡಿಯಬಹುದಾದದ್ದು ಹೆಚ್ಚೆಂದರೆ ಈ ಎರಡರ ಮೊತ್ತ. ವಿಮಾನ ನಿಲ್ದಾಣದ ಯೂಸರ್ ಡೆವಲಪ್‌ಮೆಂಟ್ ಫೀ, ಸೆಕ್ಯುರಿಟಿ ಫೀ, ಇಂಥವೆಲ್ಲ ನೀವು ವಿಮಾನ ಹತ್ತಿದರೆ ಮಾತ್ರ ಬೇರೆಯವರಿಗೆ ಕಟ್ಟುವ ಹಣ. ನೀವು ಹತ್ತಲಿಲ್ಲ. ಪ್ರೋಮೋ ದರದ ಟಿಕೆಟ್ ಆದರೂ ಅದನ್ನು ವಾಪಸ್ ಕೊಡಬೇಕು ಅಂತ ಡಿಜಿಸಿಎಯ ರಿಫಂಡ್ ನಿಯಮ ಸ್ಪಷ್ಟವಾಗಿ ಹೇಳುತ್ತೆ. ಕಾಯಿಲೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದಕ್ಕೆ ಡಾಕ್ಟರ್ ಚೀಟಿಯೇ ಬೇಡ.

ನಿಮ್ಮ ಟಿಕೆಟ್‌ನ ದರದ ವಿವರ ಇಲ್ಲಿ ಹಾಕಿ. ಆಪ್‌ನ ಇನ್‌ವಾಯ್ಸ್ ಅಲ್ಲ, ಏರ್‌ಲೈನ್ ಸೈಟ್‌ನಲ್ಲಿ ಪಿಎನ್‌ಆರ್ ಹಾಕಿದರೆ ಬರುವ ಇ‑ಟಿಕೆಟ್. ಹೆಸರಿನ ವಿಷಯ ಏನು ಅಂತಾನೂ ಹೇಳಿ.

---

ಡೊಂಬಿವಲಿ ಪೂರ್ವ

ಅಕ್ಕ, ತುಂಬಾ ಥ್ಯಾಂಕ್ಸ್. ಇದು ಯಾರೂ ಹೇಳಿರಲಿಲ್ಲ.

ತಲೆಗೆ ಹೀಗಿದೆ. ಬೇಸ್ ಫೇರ್, ಫ್ಯುಯೆಲ್ ಸೇರಿ 3,600. ಜಿಎಸ್‌ಟಿ 180. ನಿಲ್ದಾಣದ ಫೀಗಳು ಎರಡು ಮೂರು ಸಾಲಿನಲ್ಲಿವೆ, ಸೇರಿ 520. ಆಪ್‌ನ ಕನ್ವೀನಿಯನ್ಸ್ ಫೀ 350, ಅದು ಏರ್‌ಲೈನ್ ಟಿಕೆಟ್‌ನಲ್ಲಿ ಇಲ್ಲ, ಆಪ್ ಇನ್‌ವಾಯ್ಸ್‌ನಲ್ಲಿ ಮಾತ್ರ ಇದೆ. ಒಟ್ಟು 4,650, ಮೂರು ಜನಕ್ಕೆ 13,950.

ಹೆಸರಿನ ವಿಷಯ ಹೀಗೆ. ಟಿಕೆಟ್ ಆಧಾರ್ ಪ್ರಕಾರ ಮಾಡಿದ್ದು. ಅದರಲ್ಲಿ ಹೆಂಡತಿಯ ಹೆಸರಿನ ಮುಂದೆ ಅವಳ ತಂದೆಯ ಹೆಸರಿದೆ, ಮದುವೆಯಾದ ಮೇಲೆ ಬದಲಾಯಿಸಿಲ್ಲ. ಆಸ್ಪತ್ರೆಯ ಕೌಂಟರ್‌ನಲ್ಲಿ ಆ ಹೊತ್ತಿಗೆ ಹೆಸರು ಕೇಳಿದರು, ಹೇಳಿದೆ. ಅವರು ಇಲ್ಲಿನ ಪದ್ಧತಿಯಂತೆ ಅವಳ ಹೆಸರು, ನನ್ನ ಹೆಸರು, ನಮ್ಮ ಮನೆತನದ ಹೆಸರು ಅಂತ ಬರ್ಕೊಂಡರು. ಡಿಸ್ಚಾರ್ಜ್ ಸಮ್ಮರಿಯಲ್ಲೂ ಅದೇ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊದಲ ಹೆಸರು ಬಿಟ್ಟು ಬೇರೇನೂ ಹೊಂದುವುದಿಲ್ಲ. ಆ ರಾತ್ರಿ ನನಗೆ ಹೊಳೆಯಲೇ ಇಲ್ಲ.

---

ಕೊಥ್ರೂಡ್ ರೆಕಾರ್ಡ್ಸ್

ನಾನು ಪುಣೆಯ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಇದ್ದೀನಿ. ಈ ಹೆಸರಿನ ತೊಂದರೆ ನಾವು ವಾರ ವಾರ ನೋಡ್ತೀವಿ, ಅದರಲ್ಲೂ ನಮ್ಮ ಕಡೆಯವರದ್ದು. ಮಹಾರಾಷ್ಟ್ರದಲ್ಲಿ ಗಂಡನ ಹೆಸರು ನಡುವೆ ಬರೋದು ರೂಢಿ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ಲು. ಕೌಂಟರ್‌ನವರಿಗೆ ಗೊತ್ತಾಗಲ್ಲ.

ಡಿಸ್ಚಾರ್ಜ್ ಸಮ್ಮರಿ ತಿದ್ದಿಸಲು ಹೋಗಬೇಡಿ, ಅದು ತಡವಾಗುತ್ತೆ. ಇನ್ಶೂರೆನ್ಸ್ ಕ್ಲೇಮ್ ನಡೀತಿದ್ದರೆ ಅದಕ್ಕೂ ತೊಡಕು. ಅದರ ಬದಲು ನೋಡಿದ ಡಾಕ್ಟರ್ ಹತ್ತಿರ ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಒಂದು ಪುಟದ ಸರ್ಟಿಫಿಕೇಟ್ ಕೇಳಿ. ಆಧಾರ್ ತೋರಿಸಿ, ಅದರಲ್ಲಿ ಎರಡು ಹೆಸರೂ ಬರೆಸಿ. ಆಧಾರ್‌ನಲ್ಲಿ ಇಂಥ ಹೆಸರಿರುವ, ನಮ್ಮಲ್ಲಿ ಇಂಥ ಹೆಸರಿನಲ್ಲಿ ದಾಖಲಾದ ರೋಗಿ ಇಬ್ಬರೂ ಒಬ್ಬರೇ ಅಂತ.

ಆಮೇಲೆ ಅಡ್ಮಿಟ್ ಆದ ತಾರೀಖು ಮತ್ತು ಸಮಯ, ಡಿಸ್ಚಾರ್ಜ್ ತಾರೀಖು ಬೇಕು. ಸಮಯ ಇರಲೇಬೇಕು, ಯಾಕಂದ್ರೆ ನೀವು ಕ್ಯಾನ್ಸಲ್ ಮಾಡಿದ್ದು 5.40ಕ್ಕೆ, ಅದಕ್ಕಿಂತ ಮೊದಲೇ ಅಡ್ಮಿಟ್ ಆಗಿತ್ತು ಅಂತ ಒಂದೇ ನೋಟಕ್ಕೆ ಕಾಣಬೇಕು. ಮುಖ್ಯವಾದ ವಾಕ್ಯ ಇನ್ನೊಂದಿದೆ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ವಿಮಾನ ಪ್ರಯಾಣಕ್ಕೆ ಯೋಗ್ಯರಾಗಿರಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ವಾಕ್ಯ ಇರಲ್ಲ. ಅದರಲ್ಲಿ ಕಾಯಿಲೆ, ಔಷಧ, ಮತ್ತೆ ಯಾವಾಗ ಬರಬೇಕು ಅಂತ ಇರುತ್ತೆ. ಏರ್‌ಲೈನ್‌ನಲ್ಲಿ ಕೂತವರು ಡಾಕ್ಟರ್ ಅಲ್ಲ. ಅಪೆಂಡಿಕ್ಸ್ ಆದವರು ಅವತ್ತು ಹಾರಬಹುದಿತ್ತಾ ಅಂತ ಅವರು ಯೋಚಿಸುವ ಹಾಗೆ ಬಿಡಬೇಡಿ. ಕೆಳಗೆ ಡಾಕ್ಟರ್ ಸಹಿ, ಸೀಲು, ರಿಜಿಸ್ಟ್ರೇಷನ್ ನಂಬರ್.

ದಯವಿಟ್ಟು ಸ್ಕ್ಯಾನ್, ರಕ್ತದ ರಿಪೋರ್ಟ್ ಕಳಿಸಬೇಡಿ. ಅದು ನಿಮ್ಮ ಹೆಂಡತಿಯ ಖಾಸಗಿ ವಿಷಯ, ಅವರಿಗೆ ಬೇಕಾಗೂ ಇಲ್ಲ. ಅಡ್ಮಿಷನ್ ಪೇಪರ್, ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟ, ಇಷ್ಟೇ ಸಾಕು.

---

ಮಾಟುಂಗಾ ಮೊಮ್ಮಗ

ಒಂದು ಪ್ರಶ್ನೆ. ಕಳೆದ ವರ್ಷ ನಮ್ಮ ಅಜ್ಜನನ್ನು ಐಸಿಯುಗೆ ಸೇರಿಸಿದ ದಿನ ನಾವು ಯಾರೂ ಟಿಕೆಟ್ ಬಗ್ಗೆ ಯೋಚನೆ ಮಾಡಲಿಲ್ಲ. ಕ್ಯಾನ್ಸಲ್ ಮಾಡಲೇ ಇಲ್ಲ, ವಿಮಾನ ಹೋಯ್ತು. ಆಗ ಹೋದದ್ದು ಹೋಯ್ತು ಅಂತ ಬಿಟ್ಟೆವು. ಅದರಲ್ಲೂ ಏನಾದರೂ ಬರ್ತಿತ್ತಾ?

---

ಹಳೇ ಟಿಕೆಟಿಂಗ್

ಬರ್ತಿತ್ತು. ನಿಲ್ದಾಣದ ಫೀಗಳು ನೋ‑ಶೋ ಆದರೂ ವಾಪಸ್ ಕೊಡಬೇಕಾದವು. ಆದರೆ ಬೇಸ್ ಫೇರ್ ಕೇಳುವ ಬಾಗಿಲು ಹೆಚ್ಚೂಕಡಿಮೆ ಮುಚ್ಚಿದ ಹಾಗೆ. ಕ್ಯಾನ್ಸಲ್ ಮಾಡಿದರೆ ಆ ಸೀಟು ಇನ್ನೊಬ್ಬರಿಗೆ ಮಾರಬಹುದಿತ್ತು, ಮಾಡದೆ ಇದ್ದರೆ ಸೀಟು ಖಾಲಿ ಹೋಯ್ತು ಅಂತ ಅವರು ಹೇಳ್ತಾರೆ. ಅದರಲ್ಲಿ ನ್ಯಾಯವೂ ಇದೆ.

ಅದಕ್ಕೇ ನಾನು ಯಾವಾಗಲೂ ಹೇಳೋದು, ರಿಫಂಡ್ ಸೊನ್ನೆ ತೋರಿಸಿದರೂ ವಿಮಾನ ಹೊರಡುವ ಮೊದಲೇ ಕ್ಯಾನ್ಸಲ್ ಮಾಡಿ ಅಂತ. ಆಪ್‌ನಲ್ಲಿ ಹೊರಡುವ ಕೆಲವು ಗಂಟೆ ಮೊದಲೇ ಆ ಬಟನ್ ಹೋಗಿಬಿಡಬಹುದು. ಆಗ ಏರ್‌ಲೈನ್ ಕಾಲ್ ಸೆಂಟರ್‌ಗೆ ಫೋನ್ ಮಾಡಿ, ಮಾಡಿದ ಸಮಯ ಬರೆದಿಟ್ಟುಕೊಳ್ಳಿ. ಹೋಗಿ ಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಹೋಗುವಾಗ ನೋ‑ಶೋ ಆದರೆ ಬರುವ ಟಿಕೆಟ್ ಕೂಡ ಸಾಮಾನ್ಯವಾಗಿ ತಾನಾಗೇ ರದ್ದಾಗುತ್ತೆ.

ಡೊಂಬಿವಲಿಯವರು ಆ ಸ್ಥಿತಿಯಲ್ಲೂ 5.40ಕ್ಕೆ ಕ್ಯಾನ್ಸಲ್ ಮಾಡಿದ್ದಾರೆ. ಅವರ ಕೈಯಲ್ಲಿರುವ ಒಳ್ಳೆಯ ಸಾಕ್ಷಿ ಅದು.

ಈಗ ಲೆಕ್ಕ. 520 ರಂತೆ ಮೂರು ಜನಕ್ಕೆ 1,560. ಇದು ಹಕ್ಕು. 3,600 ರಂತೆ 10,800 ಕೋರಿಕೆ. ಕನ್ವೀನಿಯನ್ಸ್ ಫೀ 1,050 ಆಪ್‌ನವರದ್ದು, ಏರ್‌ಲೈನ್ ಹತ್ತಿರ ಕೇಳಿದರೆ ಪ್ರಯೋಜನ ಇಲ್ಲ, ಅದು ಹೋಯ್ತು ಅಂದ್ಕೊಳ್ಳಿ.

ಉಳಿದದ್ದು ಜಿಎಸ್‌ಟಿ 540. ಇದರಲ್ಲಿ ಜಗಳ ಇದೆ. ಎಲ್ಲ ಶಾಸನಬದ್ಧ ತೆರಿಗೆ ವಾಪಸ್ ಕೊಡಬೇಕು ಅಂತ ಡಿಜಿಸಿಎ ನಿಯಮ. ಆದರೆ ಕ್ಯಾನ್ಸಲೇಷನ್ ಚಾರ್ಜ್ ಮೇಲೂ ಮೂಲ ಸೇವೆಯ ದರದಲ್ಲೇ ಜಿಎಸ್‌ಟಿ ಬೀಳುತ್ತೆ ಅಂತ 2022ರ ಆಗಸ್ಟ್‌ನಲ್ಲಿ ಕೇಂದ್ರದ ತೆರಿಗೆ ಮಂಡಳಿಯ ಸುತ್ತೋಲೆ ಬಂತು. ಹಾಗಾಗಿ 3,600 ನಾವು ಚಾರ್ಜ್ ಅಂತ ಹಿಡಿದೆವು, ಅದರ 5 ಪರ್ಸೆಂಟ್ 180 ಕೂಡ ಹಿಡಿದೆವು ಅಂತ ಅವರು ಹೇಳಬಹುದು. ನನಗೆ ಬಂದದ್ದೂ ಉಂಟು, ಬರದೆ ಇದ್ದದ್ದೂ ಉಂಟು. ಕೇಳಿ, ಆದರೆ ಅದನ್ನು 1,560ರ ಜೊತೆ ಸೇರಿಸಬೇಡಿ. ಬೇರೆ ಸಾಲಿನಲ್ಲಿ ಬರೀರಿ.

---

ಪಿಂಪ್ರಿ ಪೋರ

ಅಕ್ಕ, ಕರಡಿನ ವಿಷಯ ನಾನು ಸರಿಯಾಗಿ ಓದಿರಲಿಲ್ಲ, ಒಪ್ತೀನಿ. ಆದರೆ ಕೋರಿಕೆ ಅಂತ ಕೈ ಮುಗಿದರೆ ಯಾರು ಕೇಳ್ತಾರೆ? ಸ್ವಲ್ಪ ಬಿಗಿಯಾಗಿ ಬರೆಯಬಾರದಾ?

---

ಹಳೇ ಟಿಕೆಟಿಂಗ್

ಹಕ್ಕಿನ ಭಾಗವನ್ನು ಬಿಗಿಯಾಗಿಯೇ ಬರೀಬೇಕು. ಕೋರಿಕೆಯ ಭಾಗವನ್ನು ಮರ್ಯಾದೆಯಿಂದ ಬರೀಬೇಕು. ಮೊದಲ ಓದಿಗೆ ಕೂತವರಿಗೆ ಬೇಸ್ ಫೇರ್ ಕೊಡುವ ಅಧಿಕಾರ ಇರಲ್ಲ. ಅವರು ಅದನ್ನು ಮೇಲಿನವರಿಗೆ ಕಳಿಸಬೇಕು. ಮೇಲಿನವರು ಅರ್ಧ ನಿಮಿಷದಲ್ಲಿ ಓದಿ ಹೂಂ ಅನ್ನುವ ಹಾಗೆ ಇದ್ದರೆ ಮಾತ್ರ ಕಳಿಸ್ತಾರೆ. 14 ಫೋಟೋ ಇದ್ದರೆ ಯಾರು ಕಳಿಸ್ತಾರೆ ಹೇಳಿ.

ಮೇಲ್ ಇಂಗ್ಲಿಷ್‌ನಲ್ಲೇ ಹೋಗಬೇಕು, ಆದರೆ ಇಲ್ಲಿ ಕನ್ನಡದಲ್ಲೇ ಕೊಡ್ತೀನಿ. ಹಾಗೇ ಸಾಲಿಗೆ ಸಾಲು ಇಂಗ್ಲಿಷ್ ಮಾಡ್ಕೊಳ್ಳಿ. ಹಳೇ ಮೇಲ್‌ಗೆ ರಿಪ್ಲೈ ಮಾಡಿ, ಹೊಸದು ಶುರು ಮಾಡಬೇಡಿ. ಹಳೇ ಕೇಸ್ ನಂಬರ್ ಇರಲಿ.

> ವಿಷಯ: ಪಿಎನ್‌ಆರ್ (ಆರು ಅಕ್ಷರ), ಪ್ರಯಾಣದ ತಾರೀಖು, ಫೀ ರಿಫಂಡ್ ಮತ್ತು ವೈದ್ಯಕೀಯ ಕಾರಣದ ಕೋರಿಕೆ, ಹಿಂದಿನ ಕೇಸ್ ನಂಬರ್ ಇಂಥದ್ದು
>
> ಮಾನ್ಯರೇ,
>
> ಮೇಲಿನ ಪಿಎನ್‌ಆರ್‌ನಲ್ಲಿ ಮುಂಬೈ–ಮಂಗಳೂರು ವಿಮಾನಕ್ಕೆ ಮೂವರು ಪ್ರಯಾಣಿಕರಿದ್ದೆವು. ವಿಮಾನ ಹೊರಡುವುದು 10.15ಕ್ಕೆ ಇತ್ತು. ಹಿಂದಿನ ರಾತ್ರಿ 11.50ಕ್ಕೆ ಎರಡನೇ ಪ್ರಯಾಣಿಕರು, ನನ್ನ ಹೆಂಡತಿ, ತುರ್ತು ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ದಾಖಲಾದರು. ಬೆಳಗ್ಗೆ 5.40ಕ್ಕೆ, ಅಂದರೆ ವಿಮಾನ ಹೊರಡುವ ನಾಲ್ಕೂವರೆ ಗಂಟೆ ಮೊದಲು, ಮೂವರ ಟಿಕೆಟ್ ರದ್ದು ಮಾಡಿದೆ.
>
> ಒಂದನೆಯದು. ಪ್ರಯಾಣ ಮಾಡದ ಮೂವರ ವಿಮಾನ ನಿಲ್ದಾಣದ ಫೀಗಳು, ತಲೆಗೆ 520 ರಂತೆ 1,560 ರೂಪಾಯಿ, ಇನ್ನೂ ವಾಪಸ್ ಬಂದಿಲ್ಲ. ಡಿಜಿಸಿಎಯ ರಿಫಂಡ್ ನಿಯಮದಂತೆ ನಾನ್‌ರಿಫಂಡಬಲ್ ದರಕ್ಕೂ ಇದು ಸಲ್ಲಬೇಕು. ಇದನ್ನು ಮೂಲ ಪಾವತಿಯ ಕಾರ್ಡಿಗೇ ಹಾಕಿ. ತಲೆಗೆ 180 ರಂತೆ ಜಿಎಸ್‌ಟಿ 540 ಹಿಡಿದಿದ್ದರೆ ಅದರ ಕಾರಣ ಲಿಖಿತವಾಗಿ ತಿಳಿಸಿ.
>
> ಎರಡನೆಯದು. ವೈದ್ಯಕೀಯ ಕಾರಣದಿಂದ ಬೇಸ್ ಫೇರ್ 10,800 ವಾಪಸ್ ಕೊಡಲು ಪರಿಶೀಲಿಸಬೇಕೆಂದು ಕೋರುತ್ತೇನೆ. ಅದು ಸಾಧ್ಯವಿಲ್ಲದಿದ್ದರೆ ಅಷ್ಟೇ ಮೊತ್ತದ ಕ್ರೆಡಿಟ್ ಶೆಲ್ ಕೊಡಿ.
>
> ಹೆಸರಿನ ಬಗ್ಗೆ ಹಿಂದೆ ಕೇಳಿದ್ದಿರಿ. ಟಿಕೆಟ್ ಮತ್ತು ಆಧಾರ್‌ನಲ್ಲಿ ತಂದೆಯ ಹೆಸರು ಇದೆ, ಆಸ್ಪತ್ರೆಯ ದಾಖಲೆಯಲ್ಲಿ ಗಂಡನ ಹೆಸರು ಇದೆ. ಇಬ್ಬರೂ ಒಬ್ಬರೇ ಎಂದು ಡಾಕ್ಟರ್ ಬರೆದಿರುವ ಸರ್ಟಿಫಿಕೇಟ್ ಜೊತೆಗಿದೆ.
>
> ಮೂರು ಪಿಡಿಎಫ್ ಲಗತ್ತಿಸಿದ್ದೇನೆ. ಈ ಮೇಲ್‌ಗೆ ತೃಪ್ತಿಕರ ಉತ್ತರ ಸಿಗದಿದ್ದರೆ ನಿಮ್ಮ ನೋಡಲ್ ಅಧಿಕಾರಿಗೆ, ಆಮೇಲೆ ಏರ್‌ಸೇವಾಗೆ ಕಳಿಸುತ್ತೇನೆ.

ಎರಡನೇ ಪ್ಯಾರಾದಲ್ಲಿ ಮೂವರದ್ದೂ ಕೇಳಿದ್ದೀನಿ. ಆದರೆ ಮೂರೂ ಒಂದೇ ತೂಕದವಲ್ಲ. ಹೆಂಡತಿಯದು ಗಟ್ಟಿ. ನಿಮ್ಮದು ಅದರ ನಂತರದ್ದು, ಯಾಕಂದ್ರೆ ಜೊತೆಗೆ ನಿಂತವರು ನೀವು. ಅಡ್ಮಿಷನ್ ಫಾರ್ಮ್‌ನಲ್ಲಿ ಸಂಬಂಧಿಕರು ಅನ್ನುವ ಕಡೆ ನಿಮ್ಮ ಹೆಸರು, ಸಹಿ ಇರುತ್ತಲ್ಲ, ಆ ಪುಟ ಹಾಕಿ. ಬೇರೆ ಪುರಾವೆ ಬೇಡ. ಅಮ್ಮನದು ಕಷ್ಟ, ಅವರು ಒಬ್ಬರೇ ಹೋಗಬಹುದಿತ್ತಲ್ಲ ಅಂತಾರೆ.

---

ಡೊಂಬಿವಲಿ ಪೂರ್ವ

ಅಮ್ಮನಿಗೆ 74 ವರ್ಷ. ಒಬ್ಬರೇ ವಿಮಾನ ಹತ್ತಿದವರೇ ಅಲ್ಲ. ಅದನ್ನೂ ಒಂದು ಸಾಲು ಸೇರಿಸ್ತೀನಿ. ನಾಳೆ ಡಾಕ್ಟರ್ ಹತ್ತಿರ ಹೋಗ್ತೀನಿ.

---

ಠಾಣೆ ಗೃಹಿಣಿ

ನಾನು ಬೇರೆ ದಾರಿ ಹೇಳ್ತೀನಿ. ನಿಮ್ಮ ಕ್ರೆಡಿಟ್ ಕಾರ್ಡ್ ಜೊತೆ ಟ್ರಾವೆಲ್ ಇನ್ಶೂರೆನ್ಸ್ ಇದೆಯಾ ನೋಡಿ. ಅಥವಾ ಆಪ್‌ನಲ್ಲಿ ಟಿಕೆಟ್ ಮಾಡುವಾಗ ಒಂದು ಟಿಕ್ ಇರುತ್ತೆ, ಗೊತ್ತಿಲ್ಲದೆ ಹಾಕಿಬಿಟ್ಟಿರ್ತೀವಿ. ನಮ್ಮ ಯಜಮಾನರಿಗೆ ಡೆಂಗ್ಯೂ ಆಗಿ ಅಡ್ಮಿಟ್ ಆದಾಗ ನಮಗೆ ಏರ್‌ಲೈನ್‌ನಿಂದ ಏನೂ ಬರಲಿಲ್ಲ, ಇನ್ಶೂರೆನ್ಸ್‌ನಿಂದ ಬಂತು. ಆದರೆ ಅವರು ಒಂದು ಪತ್ರ ಕೇಳಿದರು. ಏರ್‌ಲೈನ್ ಎಷ್ಟು ವಾಪಸ್ ಕೊಟ್ಟಿದೆ, ಎಷ್ಟು ಹಿಡಿದಿದೆ ಅಂತ ಏರ್‌ಲೈನ್‌ನವರೇ ಬರೆದದ್ದು. ಆ ಪತ್ರಕ್ಕಾಗಿ ಎರಡು ತಿಂಗಳು ಓಡಾಡಿದೆ. ಈ ಮೇಲ್‌ನಲ್ಲೇ ಅದನ್ನೂ ಕೇಳಿಬಿಡಿ.

---

ಹಳೇ ಟಿಕೆಟಿಂಗ್

ಇದು ನನಗೆ ಬಿಟ್ಟು ಹೋಗಿತ್ತು. ಒಂದು ಸಾಲು ಸೇರಿಸಿ: ಮೂವರಿಗೂ ಹಿಡಿದ ಮೊತ್ತ ಮತ್ತು ವಾಪಸ್ ಕೊಟ್ಟ ಮೊತ್ತದ ವಿವರ ಲಿಖಿತವಾಗಿ ಕೊಡಿ. ಇನ್ಶೂರೆನ್ಸ್ ಇಲ್ಲದಿದ್ದರೂ ಉಪಯೋಗಕ್ಕೆ ಬರುತ್ತೆ. 1,560 ಹಿಡಿದಿದ್ದೇವೆ ಅಂತ ಅವರೇ ಬರೆದುಕೊಡೋದು ಕಷ್ಟ, ಅಲ್ವಾ?

---

ವಾಸ್ಕೋ ವಾಸಿ

ನನ್ನ ಮೊದಲ ಪೋಸ್ಟ್ ತಪ್ಪು ದಾರಿ ತೋರಿಸಿತು, ಕ್ಷಮಿಸಿ. ಒಂದು ಕೇಳ್ತೀನಿ. ಆಪ್‌ನಿಂದ ತಗೊಂಡ ಟಿಕೆಟ್‌ಗೆ ಏರ್‌ಲೈನ್‌ಗೆ ಬರೆದರೆ ನೀವು ಏಜೆಂಟ್ ಹತ್ತಿರ ಹೋಗಿ ಅಂತಾರೆ. ಏಜೆಂಟ್ ಏರ್‌ಲೈನ್ ಹತ್ತಿರ ಹೋಗಿ ಅಂತಾನೆ. ಅದಕ್ಕೇನು?

---

ಹಳೇ ಟಿಕೆಟಿಂಗ್

ಡಿಜಿಸಿಎ ನಿಯಮದಲ್ಲಿ ಏಜೆಂಟ್ ಅಂದರೆ ಏರ್‌ಲೈನ್ ನೇಮಿಸಿದ ಪ್ರತಿನಿಧಿ. ಏಜೆಂಟ್ ಮೂಲಕ ತಗೊಂಡರೂ ರಿಫಂಡಿನ ಹೊಣೆ ಏರ್‌ಲೈನ್‌ದೇ. ಹಣ ಬರುವ ದಾರಿ ಮಾತ್ರ ಏಜೆಂಟ್ ಮೂಲಕ. ಹಾಗಾಗಿ ಮೇಲ್ ಏರ್‌ಲೈನ್‌ಗೆ, ಪ್ರತಿ ಆಪ್‌ನ ಕಸ್ಟಮರ್ ಕೇರ್‌ಗೆ. ಏರ್‌ಲೈನ್ ನಾವು ಏಜೆಂಟ್ ಖಾತೆಗೆ ಹಾಕಿದ್ದೇವೆ ಅಂದರೆ ತಾರೀಖು ಮತ್ತು ರೆಫರೆನ್ಸ್ ನಂಬರ್ ಕೇಳಿ. ಅದನ್ನು ಹಿಡ್ಕೊಂಡು ಆಪ್‌ನವರನ್ನು ಕೇಳಿ. ಅದಿಲ್ಲದೆ ಹೋದರೆ ಇಬ್ಬರೂ ಸುಮ್ನೆ ಓಡಾಡಿಸ್ತಾರೆ.

---

ಡೊಂಬಿವಲಿ ಪೂರ್ವ (ಮೂರು ವಾರದ ನಂತರ)

ಏನಾಯ್ತು ಅಂತ ಹೇಳಲೇಬೇಕು. ಇಷ್ಟು ಸಹಾಯ ಮಾಡಿದ್ದೀರಿ.

ಡಾಕ್ಟರ್ ಸರ್ಟಿಫಿಕೇಟ್ ಅವತ್ತೇ ಕೊಟ್ಟರು. ಎರಡು ಹೆಸರು ಯಾಕೆ ಅಂತ ಕೇಳಿದರು, ಆಧಾರ್ ತೋರಿಸಿದೆ, ಬರೆದರು. ಅಕ್ಕ ಹೇಳಿದ ಹಾಗೇ ಮೇಲ್ ಹಾಕಿದೆ. ನಾಲ್ಕನೇ ದಿನ ಉತ್ತರ ಬಂತು. ಈ ಸಲ ಉತ್ತರದಲ್ಲೂ ಎರಡು ಪ್ಯಾರಾ ಇತ್ತು, ನಾನು ಬರೆದ ಹಾಗೇ. 1,560 ಏಜೆಂಟ್ ಖಾತೆಗೆ ಹಾಕ್ತೀವಿ ಅಂತ ಒಪ್ಕೊಂಡರು. ಬೇಸ್ ಫೇರ್ ಮೇಲಿನವರಿಗೆ ಕಳಿಸಿದ್ದೇವೆ ಅಂದರು.

1,560 ಬಂತು, ಆದರೆ ಆಪ್‌ನವರು ಅದನ್ನು ತಮ್ಮ ವಾಲೆಟ್‌ಗೆ ಹಾಕಿದರು. ಕಾರ್ಡಿಗೆ ಬೇಕು ಅಂದೆ. ವಾಲೆಟ್‌ನಲ್ಲಿದ್ದರೆ ಬೇಗ ಬಳಸಬಹುದು ಸರ್ ಅಂದರು. ನಾನು ಒಪ್ಪಲಿಲ್ಲ, ಮೇಲ್‌ನಲ್ಲಿ ಬರೆದೆ. ಐದು ದಿನಕ್ಕೆ ಕಾರ್ಡಿಗೆ ಬಂತು.

ಆಮೇಲೆ ಹೆಂಡತಿಯ ಟಿಕೆಟ್‌ಗೆ 3,600ರ ಕ್ರೆಡಿಟ್ ಶೆಲ್ ಕೊಡ್ತೀವಿ ಅಂತ ಬಂತು. ನನ್ನದಕ್ಕೆ ಮತ್ತು ಅಮ್ಮನದಕ್ಕೆ ಇಲ್ಲ. ಜಿಎಸ್‌ಟಿ ಬಗ್ಗೆ ಒಂದು ಮಾತೂ ಇಲ್ಲ. ಕ್ರೆಡಿಟ್ ಶೆಲ್ ಒಪ್ಪಬಹುದಾ? ಒಪ್ಪಿದರೆ ಉಳಿದದ್ದನ್ನು ಬಿಟ್ಟ ಹಾಗಾ?

---

ಪಿಂಪ್ರಿ ಪೋರ

ಒಪ್ಪಬೇಡಿ ಸರ್. ರಿಫಂಡ್ ಬದಲು ಕ್ರೆಡಿಟ್ ಶೆಲ್ ತಗೊಳ್ಳೋದು ಪ್ರಯಾಣಿಕರ ಇಷ್ಟ, ಏರ್‌ಲೈನ್ ತಾನಾಗಿ ಹಾಕುವ ಹಾಗಿಲ್ಲ. ಇದನ್ನು ಈ ಸಲ ಡಿಜಿಸಿಎ ನಿಯಮದಲ್ಲೇ ನೋಡಿ ಹೇಳ್ತಿದ್ದೀನಿ.

---

ಹಳೇ ಟಿಕೆಟಿಂಗ್

ಪಿಂಪ್ರಿಯವರೇ, ಓದಿದ್ದು ಸರಿ. ಆದರೆ ಅದು ಕೊಡಲೇಬೇಕಾದ ಹಣಕ್ಕೆ. ಅಂದರೆ 1,560ಕ್ಕೆ. ಡೊಂಬಿವಲಿಯವರು ವಾಲೆಟ್ ಬೇಡ ಅಂತ ನಿಂತದ್ದು ಅದಕ್ಕೇ ಸರಿಯಾಯ್ತು. 3,600 ಅವರು ಮನಸ್ಸು ಮಾಡಿ ಕೊಡ್ತಿರೋದು. ಅದನ್ನು ಯಾವ ರೂಪದಲ್ಲಿ ಕೊಡಬೇಕು ಅಂತ ನಾವು ಹಿಡಿಯೋಕೆ ಆಗಲ್ಲ.

ನನ್ನ ಮಟ್ಟಿಗೆ ಒಪ್ಪಿ. ಆದರೆ ಒಪ್ಪುವ ಮೊದಲು ಮೂರು ವಿಷಯ ಲಿಖಿತವಾಗಿ ಕೇಳಿ. ಕೊನೇ ತಾರೀಖು ಅಂದರೆ ಅಷ್ಟರೊಳಗೆ ಬುಕ್ ಮಾಡಿದರೆ ಸಾಕಾ, ಅಥವಾ ಅಷ್ಟರೊಳಗೆ ಪ್ರಯಾಣವೇ ಮುಗಿಯಬೇಕಾ? ಇದರಲ್ಲೇ ಜಾಸ್ತಿ ಜನ ಕಳ್ಕೊಳ್ಳೋದು. ಹೆಂಡತಿ ಹೆಸರಿಗೆ ಮಾತ್ರವಾ, ಮನೆಯವರು ಬಳಸಬಹುದಾ? ಹೊಸ ಟಿಕೆಟ್ 3,600ಕ್ಕಿಂತ ಕಡಿಮೆಯಾದರೆ ಉಳಿದದ್ದು ಏನಾಗುತ್ತೆ?

ಒಪ್ಪುವಾಗ ಮೇಲ್‌ನಲ್ಲಿ ಒಂದು ಸಾಲು ಹಾಕಿ. ಇದು ಎರಡನೇ ಪ್ರಯಾಣಿಕರ ಬೇಸ್ ಫೇರ್‌ಗೆ ಮಾತ್ರ, ಉಳಿದಿಬ್ಬರ ಕೋರಿಕೆ ಮತ್ತು ಜಿಎಸ್‌ಟಿ ಪ್ರಶ್ನೆ ಹಾಗೇ ಇದೆ ಅಂತ. ಎಲ್ಲ ಬಾಕಿ ತೀರಿತು ಅನ್ನುವ ಫಾರ್ಮ್ ಬಂದರೆ ಸಹಿ ಹಾಕಬೇಡಿ.

---

ಪಿಂಪ್ರಿ ಪೋರ

ಅರ್ಥ ಆಯ್ತು. ಆದರೂ ಡೊಂಬಿವಲಿಯವರೇ, ನಿಮ್ಮ ಮತ್ತು ಅಮ್ಮನ ಟಿಕೆಟ್ ಬಗ್ಗೆ ಕೋರ್ಟ್‌ಗೆ ಹೋಗಬಹುದು ಅಂತಲೇ ನನ್ನ ಅಭಿಪ್ರಾಯ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗೆ ಫೀ ಇಲ್ಲ. 2019ರ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ಏರ್‌ಲೈನ್ ಆಫೀಸ್ ಎಲ್ಲಿದ್ದರೂ ಸರಿ. ಎರಡು ವರ್ಷ ಸಮಯ ಇದೆ.

---

ಹಳೇ ಟಿಕೆಟಿಂಗ್

ನೀವು ಹೇಳಿದ್ದೆಲ್ಲ ಸರಿ. ಆದರೆ 7,200 ರೂಪಾಯಿಗೆ, ಅದೂ ಟಿಕೆಟ್ ತಗೊಳ್ಳುವಾಗ ಒಪ್ಪಿದ ಷರತ್ತಿನ ವಿರುದ್ಧ. 1,560 ಕೊಡದೆ ಇದ್ದಿದ್ದರೆ ನಾನೇ ಹೋಗಿ ಅಂತಿದ್ದೆ. ಈಗ ಮೊದಲು ನೋಡಲ್ ಅಧಿಕಾರಿಗೆ ಬರೀರಿ. ಹೆಸರು, ಮೇಲ್ ಅವರ ಸೈಟ್‌ನಲ್ಲಿ ಇರುತ್ತೆ. ಅವರ ಮೇಲೆ ಅಪೀಲು ಅಧಿಕಾರಿ ಇರ್ತಾರೆ. ಆಮೇಲೆ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾ, ಅಥವಾ ಗ್ರಾಹಕ ಸಹಾಯವಾಣಿ 1915. ಕೋರ್ಟ್ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಬೇರೆ, ಅವರು ಯೋಚಿಸಿ ನಿರ್ಧಾರ ಮಾಡಲಿ.

---

ಕೊಥ್ರೂಡ್ ರೆಕಾರ್ಡ್ಸ್

ಅಮ್ಮನ ಬಗ್ಗೆ ಬರೆಯುವಾಗ ವಯಸ್ಸಿನ ಜೊತೆ ಇನ್ನೊಂದು ಹೇಳಬಹುದು. ಆಪರೇಷನ್ ದಿನ ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಅವರು ಇದ್ದರಾ? ಎಷ್ಟೋ ಕಡೆ ಹೆಂಗಸರ ವಾರ್ಡ್‌ನಲ್ಲಿ ರಾತ್ರಿ ಗಂಡಸರನ್ನು ಬಿಡಲ್ಲ. ಅಟೆಂಡೆಂಟ್ ಪಾಸ್ ಅವರ ಹೆಸರಿನಲ್ಲಿ ಮಾಡಿದ್ದರೆ ಅದರ ಫೋಟೋ ಹಾಕಿ. ಒಬ್ಬರೇ ಹೋಗಬಹುದಿತ್ತು ಅನ್ನುವ ಮಾತಿಗೆ ಅದು ಉತ್ತರ ಆಗುತ್ತೆ.

---

ಡೊಂಬಿವಲಿ ಪೂರ್ವ

ಇದ್ದರು ಸರ್. ಎರಡೂ ರಾತ್ರಿ ಅಮ್ಮನೇ ಮಲಗಿದ್ದು. ನನ್ನನ್ನು ಎಂಟು ಗಂಟೆಗೆ ಕೆಳಗೆ ಕಳಿಸ್ತಿದ್ದರು. ಪಾಸ್ ಹಳದಿ ಕಾರ್ಡು, ಅಮ್ಮನ ಹೆಸರು, ತಾರೀಖು ಎಲ್ಲ ಇದೆ. ಡೆಪಾಸಿಟ್ ವಾಪಸ್ ತಗೊಳ್ಳೋಕೆ ಇನ್ನೂ ಕೊಟ್ಟಿಲ್ಲ, ಮನೆಯಲ್ಲೇ ಅಮ್ಮನ ಪರ್ಸ್‌ನಲ್ಲಿದೆ. ಇವತ್ತೇ ಸ್ಕ್ಯಾನ್ ಮಾಡಿ ನೋಡಲ್ ಅಧಿಕಾರಿಗೆ ಕಳಿಸ್ತೀನಿ.